ಬೆರಳ ತುದಿಯ ಶುಗರ್ ರೀಡಿಂಗ್ ಲ್ಯಾಬ್ ವರದಿಗೆ ಹೊಂದದಿದ್ದಾಗ: ದೋಷ ಹುಡುಕುವ ಕ್ರಮ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯ ಗ್ಲುಕೋಮೀಟರ್ 148 ತೋರಿಸಿದೆ. ಅದೇ ಬೆಳಿಗ್ಗೆ ಕೊಟ್ಟ ರಕ್ತಕ್ಕೆ ಲ್ಯಾಬ್ ವರದಿಯಲ್ಲಿ 112 ಎಂದು ಬಂದಿದೆ. ಈ ಎರಡು ಅಂಕಿಗಳನ್ನು ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದವರು ತಾಲ್ಲೂಕು ಕೇಂದ್ರವೊಂದರ ನಿವೃತ್ತ ಶಾಲಾ ಶಿಕ್ಷಕರು. "ಮೀಟರ್ ಕೆಟ್ಟಿದೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ ಸಾರ್, ಹೊಸದು ತಗೊಳ್ಳಲೋ ಬೇಡವೋ ನೀವೇ ಹೇಳಿ" ಎಂಬುದು ಅವರ ಪ್ರಶ್ನೆಯಾಗಿತ್ತು. ವ್ಯತ್ಯಾಸ ಬಂದ ಕೂಡಲೇ ಮೀಟರಿನ ಮೇಲೆಯೇ ಅನುಮಾನ ಬರುವುದು ಸಹಜ, ಏಕೆಂದರೆ ಲ್ಯಾಬಿನ ಅಂಕಿ ಮುದ್ರಿತವಾಗಿರುತ್ತದೆ, ಅದರ ಕೆಳಗೆ ಸಹಿಯೂ ಇರುತ್ತದೆ. ಆದರೆ ಇಂತಹ ದೂರುಗಳನ್ನು ಕ್ರಮವಾಗಿ ಬಿಡಿಸುತ್ತಾ ಹೋದರೆ ಮೀಟರ್ ನಿಜವಾಗಿಯೂ ಕೆಟ್ಟಿರುವುದು ಕಡಿಮೆ. ಎರಡು ಅಂಕಿಗಳು ಒಂದೇ ರಕ್ತದ, ಒಂದೇ ಹೊತ್ತಿನ ಅಳತೆಗಳಾಗಿರದೆ ಇರುವುದೇ ಹೆಚ್ಚು. ಆ ಶಿಕ್ಷಕರ ಪ್ರಕರಣವನ್ನೇ ಮುಂದಿಟ್ಟುಕೊಂಡು, ಎಲ್ಲಿಂದ ಹುಡುಕಲು ತೊಡಗಬೇಕು, ಎಲ್ಲಿಗೆ ನಿಲ್ಲಿಸಬೇಕು, ಎಷ್ಟು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇಲ್ಲಿನ ಎಲ್ಲ ಅಂಕಿಗಳೂ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ಮೀಟರಿನ ಪರದೆಯ ಮೇಲೆ ಅದು mg/dL ಎಂದು ಕಾಣುತ್ತದೆ.

ಮೊದಲು ವ್ಯತ್ಯಾಸವನ್ನು ಸರಿಯಾಗಿ ಲೆಕ್ಕ ಹಾಕಬೇಕು

"ಮೂವತ್ತಾರು ಪಾಯಿಂಟ್ ಜಾಸ್ತಿ" ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಲ್ಯಾಬಿನಲ್ಲಿ 300 ಬಂದಿರುವಾಗ 36ರ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. 90 ಬಂದಿರುವಾಗ ಅದೇ ಅಂತರ ಗಂಭೀರವಾದದ್ದು. ಆದ್ದರಿಂದ ಲ್ಯಾಬಿನ ಅಂಕಿಯನ್ನು ಆಧಾರವಾಗಿಟ್ಟುಕೊಂಡು ಶೇಕಡಾವಾರು ತೆಗೆಯಬೇಕು:

```
ವ್ಯತ್ಯಾಸ (%) = (ಮೀಟರ್ − ಲ್ಯಾಬ್) ÷ ಲ್ಯಾಬ್ × 100
```

ಶಿಕ್ಷಕರ ಪ್ರಕರಣದಲ್ಲಿ 148ರಿಂದ 112 ಕಳೆದರೆ 36. ಅದನ್ನು 112ರಿಂದ ಭಾಗಿಸಿದರೆ ಸುಮಾರು ಶೇ. 32. ಇದು ಒಪ್ಪಬಹುದಾದ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಕಾರಣ ಹುಡುಕಲೇಬೇಕಾಗಿತ್ತು. ಉತ್ತರದ ಮುಂದಿರುವ ಕೂಡು ಅಥವಾ ಕಳೆ ಚಿಹ್ನೆಯನ್ನೂ ಬಿಡದೆ ಬರೆದುಕೊಳ್ಳಬೇಕು. ಮೀಟರ್ ಹೆಚ್ಚು ತೋರಿಸಿದಾಗ ಹುಡುಕುವ ಕಾರಣಗಳೇ ಬೇರೆ, ಕಡಿಮೆ ತೋರಿಸಿದಾಗ ಹುಡುಕುವ ಕಾರಣಗಳೇ ಬೇರೆ. ನಮ್ಮಲ್ಲಿಗೆ ಬರುವ ದೂರುಗಳಲ್ಲಿ ಮೀಟರ್ ಹೆಚ್ಚು ತೋರಿಸುತ್ತದೆ ಎಂಬುದೇ ಜಾಸ್ತಿ, ಹೀಗಾಗಿ ಈ ಬರಹದ ಹೆಚ್ಚಿನ ಭಾಗವೂ ಅದರ ಕುರಿತಾಗಿಯೇ ಇದೆ.

ಎರಡೂ ರಕ್ತ ಒಂದೇ ಹೊತ್ತಿನದೇ?

"ಅದೇ ಬೆಳಿಗ್ಗೆ" ಎಂಬ ಮಾತನ್ನು ಗಡಿಯಾರದ ಲೆಕ್ಕಕ್ಕೆ ತರುವುದು ಮೊದಲ ಹೆಜ್ಜೆ. ಶಿಕ್ಷಕರು ಬೆರಳು ಚುಚ್ಚಿಕೊಂಡಿದ್ದು ಆರೂವರೆಗೆ. ಆಮೇಲೆ ಸ್ನಾನ, ಪೂಜೆ ಮುಗಿಸಿ, ನಡೆದುಕೊಂಡೇ ಊರಿನ ರಕ್ತ ಸಂಗ್ರಹ ಕೇಂದ್ರಕ್ಕೆ ಹೋಗಿ, ಸರದಿಯಲ್ಲಿ ಕುಳಿತು ರಕ್ತ ಕೊಟ್ಟಿದ್ದು ಎಂಟೂಕಾಲಿಗೆ. ನಡುವೆ ಕಾಫಿ ಕುಡಿಯಲಿಲ್ಲ, ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ. ಆದರೂ ಒಂದೂಮುಕ್ಕಾಲು ಗಂಟೆಯಲ್ಲಿ ರಕ್ತದ ಸಕ್ಕರೆ ಇದ್ದಲ್ಲೇ ಇರುತ್ತದೆಂದು ಹೇಳಲಾಗದು. ಮಧುಮೇಹ ಇರುವವರಲ್ಲಿ ಯಕೃತ್ತು ಮುಂಜಾವಿನಲ್ಲಿ ಬಿಡುವ ಸಕ್ಕರೆಯಿಂದ ಅದು ಏರಬಹುದು, ನಡಿಗೆಯಿಂದ ಇಳಿಯಬಹುದು. ಊಟದ ನಂತರದ ಪರೀಕ್ಷೆಯಲ್ಲಂತೂ ಹದಿನೈದು, ಇಪ್ಪತ್ತು ನಿಮಿಷಗಳ ಅಂತರವೂ ದೊಡ್ಡದೇ, ಏಕೆಂದರೆ ಆ ಹೊತ್ತಿನಲ್ಲಿ ಸಕ್ಕರೆ ವೇಗವಾಗಿ ಏರುತ್ತಲೋ ಇಳಿಯುತ್ತಲೋ ಇರುತ್ತದೆ.

ಹೋಲಿಕೆಗೆಂದು ಮಾಡುವ ಪರೀಕ್ಷೆಯಲ್ಲಿ ತೋಳಿನಿಂದ ರಕ್ತ ತೆಗೆಯುವುದಕ್ಕೂ ಬೆರಳು ಚುಚ್ಚುವುದಕ್ಕೂ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು. ಇದಕ್ಕೆ ಮೀಟರನ್ನು ಲ್ಯಾಬಿಗೇ ತೆಗೆದುಕೊಂಡು ಹೋಗಿ, ಅಲ್ಲಿನ ಕುರ್ಚಿಯಲ್ಲೇ ಕುಳಿತು ಬೆರಳು ಚುಚ್ಚಿಕೊಳ್ಳಬೇಕು. ಮನೆಯಲ್ಲಿ ನೋಡಿ ಬಂದ ಅಂಕಿಯನ್ನು ಲ್ಯಾಬ್ ವರದಿಯೊಂದಿಗೆ ಹೋಲಿಸಿ ಮೀಟರಿನ ಬಗ್ಗೆ ತೀರ್ಪು ಕೊಡಬಾರದು. ಈ ಒಂದು ನಿಯಮ ಪಾಲಿಸಿದರೆ ಅರ್ಧದಷ್ಟು ಗೊಂದಲ ಹುಟ್ಟುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ತೋಳಿನಿಂದ ತೆಗೆದ ರಕ್ತ ಟ್ಯೂಬಿನಲ್ಲಿ ಎಷ್ಟು ಹೊತ್ತು ಕಾಯಿತು?

ಶಿಕ್ಷಕರ ಪ್ರಕರಣದ ಮುಖ್ಯ ಕಾರಣ ಇಲ್ಲಿಯೇ ಇತ್ತು. ರೋಗಿಗಳು ಕೇಳದ, ಕೇಳಲೇಬೇಕಾದ ಪ್ರಶ್ನೆಯೂ ಇದೇ.

ಕೆಂಪು ರಕ್ತಕಣಗಳು ದೇಹದ ಹೊರಗೆ ಬಂದ ಮೇಲೂ ಜೀವಂತವಾಗಿರುತ್ತವೆ ಮತ್ತು ತಮ್ಮ ಸುತ್ತಲಿನ ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಅದೇ ಕೆಲಸ ಮಾಡುತ್ತವೆ. ಏನನ್ನೂ ಬೆರೆಸದ ಟ್ಯೂಬಿನಲ್ಲಿ ರಕ್ತವನ್ನು ಕೋಣೆಯ ಉಷ್ಣತೆಯಲ್ಲಿ ಹಾಗೆಯೇ ಬಿಟ್ಟರೆ, ಕಣಗಳನ್ನು ಬೇರ್ಪಡಿಸುವವರೆಗೂ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಕರಗುತ್ತಾ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಬಸ್ಸಿನ ಡಿಕ್ಕಿಯಲ್ಲೋ ಬೈಕಿನ ಡಬ್ಬಿಯಲ್ಲೋ ಸಾಗುವ ಟ್ಯೂಬಿನಲ್ಲಿ ಈ ವೇಗ ಇನ್ನೂ ಹೆಚ್ಚು. ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಏರಿರುವ ರೋಗಿಗಳಲ್ಲಿ ಕುಸಿತ ಎಷ್ಟು ತೀವ್ರವಾಗಿರಬಹುದೆಂದರೆ, ದೇಹದಲ್ಲಿ ಸಕ್ಕರೆ ಸರಿಯಾಗಿದ್ದರೂ ವರದಿಯಲ್ಲಿ ಅಪಾಯಕಾರಿಯಾಗಿ ಕಡಿಮೆ ಎಂದು ಬರಬಹುದು.

ಶಿಕ್ಷಕರ ವರದಿಯಲ್ಲಿ ರಕ್ತ ಸಂಗ್ರಹಿಸಿದ ಸಮಯ 8:15 ಎಂದೂ, ಮಾದರಿ ಮುಖ್ಯ ಲ್ಯಾಬಿಗೆ ತಲುಪಿದ ಸಮಯ 12:30 ಎಂದೂ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿತ್ತು. ಅದರ ಪಕ್ಕದಲ್ಲಿ ಮಾದರಿಯ ವಿಧ "ಸೀರಂ" ಎಂದಿತ್ತು. ಅಂದರೆ ಕೊಲೆಸ್ಟರಾಲ್, ಕ್ರಿಯಾಟಿನಿನ್ ಮುಂತಾದವುಗಳಿಗೆ ತೆಗೆದ ಕೆಂಪು ಮುಚ್ಚಳದ ಟ್ಯೂಬಿನಲ್ಲೇ ಸಕ್ಕರೆಯನ್ನೂ ನೋಡಿದ್ದಾರೆ, ಮತ್ತು ಆ ಟ್ಯೂಬ್ ನಾಲ್ಕು ಗಂಟೆಗೂ ಹೆಚ್ಚು ಕಾಲ ಕಣಗಳನ್ನು ಬೇರ್ಪಡಿಸದೆ ಉಳಿದಿದೆ. ಗಂಟೆಗೆ ಶೇ. 5 ಎಂದೇ ಹಿಡಿದರೂ ನಾಲ್ಕೂಕಾಲು ಗಂಟೆಯಲ್ಲಿ ಐದನೇ ಒಂದು ಭಾಗದಷ್ಟು ಸಕ್ಕರೆ ಹೋಗಿರುತ್ತದೆ. ಉಳಿದದ್ದು 112 ಆದರೆ, ರಕ್ತ ತೆಗೆದ ಕ್ಷಣದಲ್ಲಿ ಇದ್ದದ್ದು 140ರ ಆಸುಪಾಸು ಎಂದಾಯಿತು. ಈ ಲೆಕ್ಕ ಅಂದಾಜಿನದು, ಇದನ್ನು ಇಟ್ಟುಕೊಂಡು ವರದಿಯನ್ನು ತಿದ್ದಲು ಬರುವುದಿಲ್ಲ. ಆದರೆ ಎಲ್ಲಿ ಮರುಪರೀಕ್ಷೆ ಬೇಕು ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಇಲ್ಲಿ ತಪ್ಪಿದ್ದು ಮುದ್ರಿತ ಅಂಕಿಯೇ ಹೊರತು ಮೀಟರಿನದಲ್ಲ. ಆ 112ನ್ನು ನಂಬಿ ಮಾತ್ರೆಯ ಪ್ರಮಾಣ ಇಳಿಸಿದ್ದರೆ ಅವರಿಗೆ ತೊಂದರೆಯಾಗುತ್ತಿತ್ತು.

ಸಕ್ಕರೆ ಪರೀಕ್ಷೆಗೆ ಬಳಸಬೇಕಾದದ್ದು ಬೂದು ಮುಚ್ಚಳದ ಟ್ಯೂಬ್. ಅದರಲ್ಲಿ ಸೋಡಿಯಂ ಫ್ಲೋರೈಡ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಆಕ್ಸಲೇಟ್ ಅಥವಾ ಇಡಿಟಿಎ ಇರುತ್ತದೆ. ಫ್ಲೋರೈಡ್ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎಂಬ ನಂಬಿಕೆ ನಮ್ಮ ವೃತ್ತಿಯಲ್ಲೇ ವ್ಯಾಪಕವಾಗಿದೆ, ಆದರೆ ಅದು ಪೂರ್ತಿ ನಿಜವಲ್ಲ. ಕಣದೊಳಗೆ ಸಕ್ಕರೆ ಒಡೆಯುವ ಸರಣಿಯಲ್ಲಿ ಸಾಕಷ್ಟು ಕೆಳಗಿರುವ ಎನೊಲೇಸ್ ಎಂಬ ಕಿಣ್ವವನ್ನು ಫ್ಲೋರೈಡ್ ತಡೆಯುತ್ತದೆ. ಮೇಲಿನ ಹಂತಗಳು ಸ್ವಲ್ಪ ಕಾಲ ನಡೆಯುತ್ತಲೇ ಇರುವುದರಿಂದ ಮೊದಲ ಒಂದೆರಡು ಗಂಟೆ ಸಕ್ಕರೆ ಕುಸಿಯುತ್ತದೆ, ಆಮೇಲೆ ಮಟ್ಟ ಸ್ಥಿರವಾಗುತ್ತದೆ. ಸಿಟ್ರೇಟ್ ಕೂಡಿಸಿದ ಟ್ಯೂಬ್‌ಗಳು ಸರಣಿಯ ಆರಂಭವನ್ನೇ ತಡೆಯುವುದರಿಂದ ತಕ್ಷಣ ಕೆಲಸ ಮಾಡುತ್ತವೆ. ಅವು ಸಿಗದ ಕಡೆ, ಟ್ಯೂಬನ್ನು ಕೂಡಲೇ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾವನ್ನು, ಎಂದರೆ ಕಣಗಳಿಲ್ಲದ ದ್ರವ ಭಾಗವನ್ನು, ಬೇರ್ಪಡಿಸುವುದೇ ಉತ್ತಮ ಕ್ರಮ.

ಇನ್ನೊಂದು ವಿಷಯವನ್ನು ರಕ್ತ ತೆಗೆಯುವವರ ಕೈಯನ್ನು ಗಮನಿಸಿದರೆ ಕಾಣಬಹುದು. ಬೂದು ಮುಚ್ಚಳದ ಟ್ಯೂಬಿನ ತಳದಲ್ಲಿ ಆ ರಾಸಾಯನಿಕ ಬಿಳಿ ಪುಡಿಯಾಗಿ ಅಂಟಿಕೊಂಡಿರುತ್ತದೆ. ರಕ್ತ ತುಂಬಿದ ಮೇಲೆ ಟ್ಯೂಬನ್ನು ಎಂಟು ಹತ್ತು ಬಾರಿ ನಿಧಾನವಾಗಿ ತಲೆಕೆಳಗು ಮಾಡಿದರೆ ಮಾತ್ರ ಅದು ರಕ್ತದಲ್ಲಿ ಪೂರ್ತಿಯಾಗಿ ಬೆರೆಯುತ್ತದೆ. ಜನಸಂದಣಿಯ ಬೆಳಿಗ್ಗೆ ಟ್ಯೂಬನ್ನು ಒಮ್ಮೆ ಅಲ್ಲಾಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿಬಿಟ್ಟರೆ ಪುಡಿ ತಳದಲ್ಲೇ ಉಳಿಯುತ್ತದೆ, ಮೇಲಿನ ರಕ್ತ ಸಾದಾ ಟ್ಯೂಬಿನಲ್ಲಿದ್ದಂತೆಯೇ ವರ್ತಿಸುತ್ತದೆ.

ಬೆರಳು ಮತ್ತು ಮೊದಲ ಹನಿ

ಲ್ಯಾಬಿನ ಕಡೆಯದು ಸರಿಯಿದೆ ಎಂದು ತಿಳಿದ ಮೇಲೆ ಬೆರಳಿನತ್ತ ತಿರುಗಬೇಕು. ಈಗಿನ ಮೀಟರಿಗೆ ಬೇಕಾಗುವ ರಕ್ತ ಒಂದು ಮೈಕ್ರೋಲೀಟರಿಗಿಂತ ಕಡಿಮೆ, ಎಂದರೆ ಸಾಸಿವೆ ಕಾಳಿಗಿಂತಲೂ ಸಣ್ಣ ಹನಿ. ಇಷ್ಟು ಸಣ್ಣ ಹನಿಗೆ ಬೆರಳ ಚರ್ಮದ ಮೇಲೆ ಕಣ್ಣಿಗೆ ಕಾಣದಂತೆ ಅಂಟಿರುವ ಸಕ್ಕರೆ ಸೇರಿದರೆ ಅಂಕಿ ಎಷ್ಟಕ್ಕೆ ಬೇಕಾದರೂ ಏರಬಹುದು. ಬಾಳೆಹಣ್ಣು ಅಥವಾ ಕಿತ್ತಳೆ ಸುಲಿದ ಕೈ, ದೇವರ ಮುಂದಿನ ಪಂಚಾಮೃತ ಮುಟ್ಟಿದ ಕೈ, ಮೊಮ್ಮಗುವಿಗೆ ಬಿಸ್ಕತ್ತು ತಿನ್ನಿಸಿದ ಕೈ, ಇವುಗಳಿಂದ ನೂರಕ್ಕೂ ಹೆಚ್ಚು ಮಿಲಿಗ್ರಾಂ ಸುಳ್ಳು ಏರಿಕೆ ಬರುವುದು ಸಾಧ್ಯ. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒಂದೆರಡು ಬಾರಿ ಒರೆಸಿದರೆ ಆ ಸಕ್ಕರೆ ಪೂರ್ತಿ ಹೋಗುವುದಿಲ್ಲ. ನೀರು ಮತ್ತು ಸೋಪಿನಿಂದ ತೊಳೆದರೆ ಹೋಗುತ್ತದೆ. ತೊಳೆದ ಮೇಲೆ ಚೆನ್ನಾಗಿ ಒಣಗಿಸಬೇಕು, ಏಕೆಂದರೆ ಒದ್ದೆ ಬೆರಳಿನಲ್ಲಿ ಹನಿ ನೀರಿನೊಂದಿಗೆ ಬೆರೆತು ರೀಡಿಂಗ್ ಇಳಿಯುತ್ತದೆ. ತೊಳೆಯಲು ಅನುಕೂಲವಿಲ್ಲದಿದ್ದರೆ ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿ ಎರಡನೆಯ ಹನಿಯನ್ನು ಸ್ಟ್ರಿಪ್‌ಗೆ ಮುಟ್ಟಿಸಬೇಕು.

ಬೆರಳನ್ನು ಬಲವಾಗಿ ಹಿಂಡುವುದೂ ಸರಿಯಲ್ಲ. ಹಿಂಡಿದಾಗ ರಕ್ತದೊಂದಿಗೆ ಅಂಗಾಂಶದ ದ್ರವವೂ ಸೇರಿ ಬರುತ್ತದೆ. ಕೈ ತಣ್ಣಗಿದ್ದರೆ ಬೆಚ್ಚಗಿನ ನೀರಿನಲ್ಲಿ ತೊಳೆದು, ಕೈಯನ್ನು ಕೆಳಗೆ ಇಳಿಬಿಟ್ಟು, ಬೆರಳಿನ ಪಕ್ಕದಲ್ಲಿ ಚುಚ್ಚಿದರೆ ಹಿಂಡುವ ಅಗತ್ಯವೇ ಬೀಳುವುದಿಲ್ಲ.

ಸ್ಟ್ರಿಪ್ ಡಬ್ಬಿ

ಸ್ಟ್ರಿಪ್‌ನ ತುದಿಯಲ್ಲಿ ಕಿಣ್ವವಿದೆ. ತೇವ ಮತ್ತು ಬಿಸಿ ಅದನ್ನು ಹಾಳುಮಾಡುತ್ತವೆ. ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ಪದಾರ್ಥ ಇರುವುದರಿಂದ, ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಹಾಕಿಡುವುದು, ಮುಚ್ಚಳ ತೆರೆದಿಡುವುದು ಎರಡೂ ತಪ್ಪು. ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಹೆಚ್ಚಿನ ಸ್ಟ್ರಿಪ್‌ಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕೆಂದು ಬರೆದಿರುತ್ತದೆ, ಆದರೆ ಬಿಸಿಲಿನಲ್ಲಿ ನಿಂತ ಕಾರಿನ ಒಳಗೂ ಅಡುಗೆ ಒಲೆಯ ಪಕ್ಕದ ಕಪಾಟಿನಲ್ಲೂ ಉಷ್ಣತೆ ಅದನ್ನು ಸುಲಭವಾಗಿ ಮೀರುತ್ತದೆ. ಅವಧಿ ಮುಗಿದ ದಿನಾಂಕದ ಜೊತೆಗೆ, ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂಬುದನ್ನೂ ಲೇಬಲ್ಲಿನಲ್ಲಿ ನೋಡಬೇಕು. ಕೋಡ್ ಹಾಕಬೇಕಾದ ಹಳೆಯ ಮೀಟರಾದರೆ ಡಬ್ಬಿಯ ಮೇಲಿನ ಕೋಡೂ ಪರದೆಯ ಕೋಡೂ ಒಂದೇ ಆಗಿರಬೇಕು.

ಮೀಟರ್ ಮತ್ತು ಸ್ಟ್ರಿಪ್ ಸರಿಯಿವೆಯೇ ಎಂದು ರಕ್ತವಿಲ್ಲದೆಯೇ ತಿಳಿಯಲು ಕಂಟ್ರೋಲ್ ಸಲ್ಯೂಷನ್ ಎಂಬ ದ್ರವ ಇದೆ. ನಿಗದಿತ ಪ್ರಮಾಣದ ಸಕ್ಕರೆ ಇರುವ ಆ ದ್ರವದ ಒಂದು ಹನಿಯನ್ನು ಸ್ಟ್ರಿಪ್‌ಗೆ ಹಾಕಿದಾಗ ಬರುವ ಅಂಕಿ ಡಬ್ಬಿಯ ಮೇಲೆ ಮುದ್ರಿಸಿದ ವ್ಯಾಪ್ತಿಯೊಳಗೆ ಇರಬೇಕು. ಆಯಾ ಮೀಟರಿನ ತಯಾರಕರದ್ದೇ ದ್ರವ ಬೇಕು, ಬೇರೆಯವರದ್ದು ಆಗುವುದಿಲ್ಲ. ನಮ್ಮಲ್ಲಿ ಔಷಧಿ ಅಂಗಡಿಗಳಲ್ಲಿ ಇದು ಸುಲಭವಾಗಿ ಸಿಗದಿರುವುದು ದೊಡ್ಡ ಕೊರತೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ತರಿಸಿಕೊಳ್ಳಬೇಕಾಗಬಹುದು. ಶಿಕ್ಷಕರ ಮೀಟರನ್ನು ಹೀಗೆ ನೋಡಿದಾಗ ಅಂಕಿ ವ್ಯಾಪ್ತಿಯ ನಡುಮಧ್ಯದಲ್ಲೇ ಬಂತು.

ಊಟದ ನಂತರದ ಹೋಲಿಕೆ ಏಕೆ ಸಲ್ಲದು

ಎಲ್ಲವೂ ಸರಿಯಾಗಿದ್ದು, ಒಂದೇ ಕ್ಷಣದಲ್ಲಿ ತೆಗೆದ ರಕ್ತವಾಗಿದ್ದರೂ ಊಟದ ನಂತರ ಎರಡು ಅಂಕಿಗಳು ಬೇರೆಯಾಗಿಯೇ ಇರುತ್ತವೆ. ಇದು ದೋಷವಲ್ಲ, ದೇಹದ ಸಹಜ ವ್ಯವಹಾರ. ಬೆರಳ ತುದಿಯ ಲೋಮನಾಳಗಳ ರಕ್ತ ಹೆಚ್ಚುಕಡಿಮೆ ಅಪಧಮನಿಯ ರಕ್ತವೇ. ಅದು ಅಂಗಾಂಶಗಳಿಗೆ ಸಕ್ಕರೆಯನ್ನು ಹೊತ್ತು ಬಂದ ರಕ್ತ. ಮೊಣಕೈ ಮಡಿಕೆಯ ಅಭಿಧಮನಿಯಿಂದ ತೆಗೆಯುವುದು, ಮುಂಗೈಯ ಸ್ನಾಯುಗಳು ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಹಿಂತಿರುಗುತ್ತಿರುವ ರಕ್ತ. ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಕಡಿಮೆ ಇರುವುದರಿಂದ ಸ್ನಾಯುಗಳು ಹೀರುವ ಸಕ್ಕರೆ ಅಲ್ಪ, ಹೀಗಾಗಿ ಎರಡರ ನಡುವಿನ ಅಂತರ ಬರೀ ಕೆಲವು ಮಿಲಿಗ್ರಾಂ. ಊಟವಾದ ಮೇಲೆ ಇನ್ಸುಲಿನ್ ಏರಿ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳತೊಡಗುತ್ತವೆ. ಆಗ ಬೆರಳಿನ ರಕ್ತ ತೋಳಿನ ರಕ್ತಕ್ಕಿಂತ ಶೇ. 20ರಷ್ಟು ಹೆಚ್ಚಿರುವುದೂ ಉಂಟು.

ಆದ್ದರಿಂದ ಊಟದ ಎರಡು ಗಂಟೆಯ ನಂತರ ಮೀಟರ್ 210, ಲ್ಯಾಬ್ 180 ಬಂದರೆ ಮೀಟರನ್ನು ದೂರಬೇಕಾಗಿಲ್ಲ. ಎರಡೂ ತಮ್ಮ ತಮ್ಮ ರಕ್ತವನ್ನು ಸರಿಯಾಗಿಯೇ ಅಳೆದಿರಬಹುದು. ಮೀಟರಿನ ನಿಖರತೆಯನ್ನು ಪರೀಕ್ಷಿಸುವ ಹೋಲಿಕೆಯನ್ನು ಕಡ್ಡಾಯವಾಗಿ ಖಾಲಿ ಹೊಟ್ಟೆಯಲ್ಲೇ, ಸಕ್ಕರೆ ಸ್ಥಿರವಾಗಿರುವ ಹೊತ್ತಿನಲ್ಲೇ ಮಾಡಬೇಕು.

ಇದರ ಜೊತೆಗೆ ಒಂದು ಹಳೆಯ ಗೊಂದಲವನ್ನೂ ಬಗೆಹರಿಸಬೇಕು. ಪ್ಲಾಸ್ಮಾದಲ್ಲಿ ನೀರಿನ ಪಾಲು ಹೆಚ್ಚು, ಕೆಂಪುಕಣಗಳಲ್ಲಿ ಕಡಿಮೆ. ಸಕ್ಕರೆ ಇರುವುದು ನೀರಿನಲ್ಲಿ. ಹೀಗಾಗಿ ಅದೇ ರಕ್ತದ ಪ್ಲಾಸ್ಮಾ ಅಳತೆಯು ಪೂರ್ಣರಕ್ತದ ಅಳತೆಗಿಂತ ಸುಮಾರು ಶೇ. 11 ಹೆಚ್ಚು ಬರುತ್ತದೆ. ಮೀಟರ್ ಪೂರ್ಣರಕ್ತವನ್ನೇ ತೆಗೆದುಕೊಂಡರೂ ಇಂದಿನ ಬಹುತೇಕ ಎಲ್ಲ ಮೀಟರ್‌ಗಳು ಪ್ಲಾಸ್ಮಾ ಲೆಕ್ಕಕ್ಕೆ ಹೊಂದಿಸಿದ ಅಂಕಿಯನ್ನೇ ತೋರಿಸುತ್ತವೆ. ಆದ್ದರಿಂದ ಮನೆಯ ರೀಡಿಂಗಿಗೆ ಮತ್ತೆ ಶೇ. 11 ಕೂಡಿಸುವ ಅಥವಾ ಕಳೆಯುವ ಅಗತ್ಯವಿಲ್ಲ. ಬಹಳ ಹಳೆಯ ಮೀಟರಾದರೆ ಅದರ ಪುಸ್ತಿಕೆಯಲ್ಲಿ ಯಾವ ಲೆಕ್ಕವೆಂದು ನೋಡಿಕೊಳ್ಳಬೇಕು.

ರಕ್ತಹೀನತೆ ಇದ್ದರೆ

ಸಮಯ, ಟ್ಯೂಬ್, ಬೆರಳು, ಸ್ಟ್ರಿಪ್ ಎಲ್ಲವೂ ಸರಿಯಿದ್ದು, ಖಾಲಿ ಹೊಟ್ಟೆಯ ಹೋಲಿಕೆಯಲ್ಲೂ ಮೀಟರ್ ಪ್ರತಿ ಬಾರಿ ಹೆಚ್ಚೇ ತೋರಿಸುತ್ತಿದ್ದರೆ ನಾನು ಮೊದಲು ಕೇಳುವುದು ಹಿಮೋಗ್ಲೋಬಿನ್ ಎಷ್ಟು ಎಂದು. ರಕ್ತದ ಗಾತ್ರದಲ್ಲಿ ಕೆಂಪುಕಣಗಳ ಪಾಲನ್ನು ಹೆಮಾಟೋಕ್ರಿಟ್ ಎನ್ನುತ್ತಾರೆ. ಅದು ಹಿಮೋಗ್ಲೋಬಿನ್ ಅಂಕಿಯ ಸರಿಸುಮಾರು ಮೂರು ಪಟ್ಟು. ಕಣಗಳು ಕಡಿಮೆಯಿದ್ದಾಗ ಸ್ಟ್ರಿಪ್‌ನ ಸಣ್ಣ ಕೊಠಡಿಯೊಳಗೆ ಪ್ಲಾಸ್ಮಾ ಹೆಚ್ಚು ಹೋಗುತ್ತದೆ, ಸಕ್ಕರೆ ಕಿಣ್ವದತ್ತ ಸುಲಭವಾಗಿ ಹರಿಯುತ್ತದೆ, ಆಗ ಅಂಕಿ ಸುಳ್ಳಾಗಿ ಏರುತ್ತದೆ. ಕಣಗಳು ಹೆಚ್ಚಿದ್ದರೆ ಇದಕ್ಕೆ ವಿರುದ್ಧವಾಗಿ ಅಂಕಿ ಇಳಿಯುತ್ತದೆ. ನವಜಾತ ಶಿಶುಗಳಲ್ಲಿ, ತೀವ್ರ ನಿರ್ಜಲೀಕರಣ ಆದವರಲ್ಲಿ ಹೀಗಾಗುತ್ತದೆ. ಹೊಸ ಮೀಟರ್‌ಗಳಲ್ಲಿ ಹಲವು ಹೆಮಾಟೋಕ್ರಿಟನ್ನು ತಾವೇ ಅಳೆದು ಸರಿದೂಗಿಸುತ್ತವೆ. ಅಗ್ಗದ ಮಾದರಿಗಳಲ್ಲಿ ಅನೇಕವು ಹಾಗೆ ಮಾಡುವುದಿಲ್ಲ. ಸ್ಟ್ರಿಪ್ ಪೆಟ್ಟಿಗೆಯೊಳಗಿನ ಮಡಚಿದ ಕಾಗದದಲ್ಲಿ ಎಷ್ಟು ಹೆಮಾಟೋಕ್ರಿಟ್‌ವರೆಗೆ ಆ ಸ್ಟ್ರಿಪ್ ನಂಬಲರ್ಹ ಎಂಬ ವ್ಯಾಪ್ತಿ ಕೊಟ್ಟಿರುತ್ತಾರೆ.

ಉದಾಹರಣೆಗೆ, ಹಿಮೋಗ್ಲೋಬಿನ್ 7.5 ಇರುವ ಒಬ್ಬ ಗರ್ಭಿಣಿಯ ಹೆಮಾಟೋಕ್ರಿಟ್ ಸುಮಾರು 23 ಆಗುತ್ತದೆ. ಅನೇಕ ಸ್ಟ್ರಿಪ್‌ಗಳ ಕೆಳಮಿತಿಗಿಂತ ಇದು ಕಡಿಮೆ. ಲ್ಯಾಬಿನಲ್ಲಿ 124 ಇರುವಾಗ ಅವರ ಮೀಟರ್ 152 ತೋರಿಸಿದರೆ ವ್ಯತ್ಯಾಸ ಶೇ. 22ಕ್ಕೂ ಸ್ವಲ್ಪ ಹೆಚ್ಚು. ನಮ್ಮ ದೇಶದಲ್ಲಿ ಇದು ಪುಸ್ತಕದ ಸಮಸ್ಯೆಯಷ್ಟೇ ಅಲ್ಲ. ಗರ್ಭಾವಸ್ಥೆಯ ಮಧುಮೇಹವನ್ನು ಪತ್ತೆಹಚ್ಚಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆಗೆ, ಪ್ಲಾಸ್ಮಾ ಲೆಕ್ಕಕ್ಕೆ ಹೊಂದಿಸಿದ ಗ್ಲುಕೋಮೀಟರ್ ಬಳಸಲು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಅವಕಾಶ ನೀಡುತ್ತದೆ, ಮತ್ತು ಅಲ್ಲಿನ ಗಡಿ 140. ಲ್ಯಾಬ್ ಇಲ್ಲದ ಹಳ್ಳಿಗಳಲ್ಲಿ ಆ ಅವಕಾಶ ಬೇಕೇ ಬೇಕು. ಆದರೆ ತೀವ್ರ ರಕ್ತಹೀನತೆ ಇರುವ ತಾಯಿಯ ರೀಡಿಂಗ್ 140ರಿಂದ 160ರ ನಡುವೆ ಬಂದರೆ ಅದನ್ನು ಅಭಿಧಮನಿ ಪ್ಲಾಸ್ಮಾದಿಂದ ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ ಎಂದು ನಾನು ಬಲವಾಗಿ ನಂಬುತ್ತೇನೆ.

ಔಷಧಗಳ ಅಡ್ಡಿ ಅಪರೂಪ, ಆದರೆ ಬಂದಾಗ ಅಪಾಯಕಾರಿ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಐಕೋಡೆಕ್ಸ್‌ಟ್ರಿನ್ ಇರುವ ದ್ರವ ಕೊಡುತ್ತಿದ್ದರೆ ಅದು ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವದ ಸ್ಟ್ರಿಪ್‌ಗಳು ಆ ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಓದುತ್ತವೆ. ಹೀಗೆ ಸುಳ್ಳಾಗಿ ಏರಿದ ಅಂಕಿಗೆ ಇನ್ಸುಲಿನ್ ಕೊಟ್ಟು ಸಾವು ಸಂಭವಿಸಿದ ಪ್ರಕರಣಗಳಿಂದಾಗಿ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು. ರಕ್ತನಾಳಕ್ಕೆ ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಪಡೆಯುತ್ತಿರುವವರಲ್ಲೂ ಅನೇಕ ಮೀಟರ್‌ಗಳು ಸುಳ್ಳು ಏರಿಕೆ ತೋರಿಸುತ್ತವೆ. ರಕ್ತದೊತ್ತಡ ತೀರಾ ಕುಸಿದು ಕೈಕಾಲು ತಣ್ಣಗಾಗಿರುವ ರೋಗಿಯಲ್ಲಿ ಬೆರಳಿನ ರಕ್ತವನ್ನು ನಂಬಲೇಬಾರದು.

ಹಾಗಾದರೆ ಎಷ್ಟು ವ್ಯತ್ಯಾಸ ಸರಿ?

ಮನೆ ಬಳಕೆಯ ಮೀಟರ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197. ಅದರ 2013ರ ಆವೃತ್ತಿಯ ಪ್ರಕಾರ, ಲ್ಯಾಬ್ ಅಂಕಿ 100ಕ್ಕಿಂತ ಕಡಿಮೆ ಇದ್ದಾಗ ಮೀಟರಿನ ಅಂಕಿ ಅದಕ್ಕಿಂತ 15 ಮಿಲಿಗ್ರಾಂ ಆಚೆ ಈಚೆ ಇರಬಹುದು. 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇ. 15 ಆಚೆ ಈಚೆ ಇರಬಹುದು. ನೂರು ರೀಡಿಂಗ್‌ಗಳಲ್ಲಿ ಕನಿಷ್ಠ 95 ಈ ಮಿತಿಯೊಳಗೆ ಬಂದರೆ ಮೀಟರ್ ಉತ್ತೀರ್ಣ. ಎಂದರೆ ಲ್ಯಾಬ್ 70 ಎಂದಾಗ 55ರಿಂದ 85ರವರೆಗೆ, 200 ಎಂದಾಗ 170ರಿಂದ 230ರವರೆಗೆ ಏನೇ ಬಂದರೂ ಮಾನದಂಡದ ಕಣ್ಣಿನಲ್ಲಿ ಅದು ಸರಿ. ಈ ವ್ಯಾಪ್ತಿ ಎಷ್ಟು ದೊಡ್ಡದೆಂದು ಮೊದಲ ಬಾರಿಗೆ ಕೇಳಿದವರು ಬೆಚ್ಚುತ್ತಾರೆ. ಇದಕ್ಕಿಂತ ಹಿಂದಿನ 2003ರ ಆವೃತ್ತಿಯಲ್ಲಿ ಮೇಲಿನ ಮಟ್ಟಕ್ಕೆ ಶೇ. 20ರ ಸಡಿಲಿಕೆ ಇತ್ತು, ಆದ್ದರಿಂದ ಪೆಟ್ಟಿಗೆಯ ಮೇಲೆ 2013 ಎಂಬ ವರ್ಷ ಇದೆಯೇ ಎಂದು ನೋಡಿ ಕೊಳ್ಳುವುದು ಒಳ್ಳೆಯದು.

ಆ 95ರ ಅರ್ಥವನ್ನು ಬಿಡಿಸಿ ನೋಡಬೇಕು. ಉತ್ತಮ ಮೀಟರಿನಲ್ಲೂ ಇಪ್ಪತ್ತರಲ್ಲಿ ಒಂದು ರೀಡಿಂಗ್ ಮಿತಿಯ ಹೊರಗೆ ಹೋಗಲು ಅವಕಾಶವಿದೆ. ಹಾಗಾಗಿ ಒಂದೇ ಹೋಲಿಕೆಯಿಂದ ಮೀಟರನ್ನು ಒಪ್ಪುವುದೂ ತಿರಸ್ಕರಿಸುವುದೂ ಸರಿಯಲ್ಲ. ಮತ್ತೊಂದು ಸೂಕ್ಷ್ಮವೂ ಇದೆ: ತಯಾರಕರು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೆರಳಿನ ರಕ್ತವನ್ನೇ ಎರಡು ಪಾಲು ಮಾಡಿ, ಒಂದನ್ನು ಮೀಟರಿನಲ್ಲೂ ಇನ್ನೊಂದನ್ನು ಪ್ರಯೋಗಾಲಯದ ಯಂತ್ರದಲ್ಲೂ ನೋಡುತ್ತಾರೆ. ನಾವು ಹೋಲಿಸುವುದು ತೋಳಿನ ರಕ್ತದೊಂದಿಗೆ. ಹೀಗಾಗಿ ನಮ್ಮ ಹೋಲಿಕೆಯಲ್ಲಿ ಖಾಲಿ ಹೊಟ್ಟೆಯಲ್ಲೂ ಇನ್ನೊಂದಷ್ಟು ಅಂತರ ಸೇರಿಕೊಳ್ಳುತ್ತದೆ, ಲ್ಯಾಬ್ ಯಂತ್ರದ ಸಣ್ಣ ಏರಿಳಿತವೂ ಅದಕ್ಕೆ ಕೂಡುತ್ತದೆ.

ಇವನ್ನೆಲ್ಲ ಗಮನದಲ್ಲಿಟ್ಟು ನಾನು ಅನುಸರಿಸುವ ಕ್ರಮ ಹೀಗಿದೆ. ಖಾಲಿ ಹೊಟ್ಟೆಯ ಸರಿಯಾದ ಹೋಲಿಕೆಯಲ್ಲಿ ವ್ಯತ್ಯಾಸ ಶೇ. 15ರೊಳಗೆ ಇದ್ದರೆ, ಅಥವಾ ಸಕ್ಕರೆ 100ಕ್ಕಿಂತ ಕಡಿಮೆಯಿದ್ದಾಗ 15 ಮಿಲಿಗ್ರಾಂ ಒಳಗೆ ಇದ್ದರೆ, ಮೀಟರನ್ನು ನಿಶ್ಚಿಂತೆಯಿಂದ ಬಳಸಲು ಹೇಳುತ್ತೇನೆ. ಶೇ. 15ರಿಂದ 20ರ ನಡುವೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ಹೋಲಿಸುತ್ತೇನೆ. ಶೇ. 20 ಮೀರಿದ್ದು ಎರಡು ಬೇರೆ ಬೇರೆ ಬೆಳಿಗ್ಗೆ ಪುನರಾವರ್ತನೆಯಾದರೆ, ಮತ್ತು ರಕ್ತಹೀನತೆಯಂತಹ ಕಾರಣ ಕಾಣದಿದ್ದರೆ, ಆಗ ಮಾತ್ರ ಸ್ಟ್ರಿಪ್ ಅಥವಾ ಮೀಟರಿನ ದೋಷ ಎಂದು ಬರೆಯುತ್ತೇನೆ. ಒಂದು ವಿನಾಯಿತಿ ಇದೆ: ಬೆವರು, ನಡುಕ, ತಲೆಸುತ್ತು ಇರುವಾಗ ಮೀಟರ್ 70ರ ಸಮೀಪದ ಯಾವುದೇ ಅಂಕಿ ತೋರಿಸಿದರೂ ಲೆಕ್ಕಾಚಾರಕ್ಕೆ ಕೂರದೆ ಮೊದಲು ಸಕ್ಕರೆ ಕೊಡಬೇಕು. ಮಧುಮೇಹ ಇದೆಯೇ ಇಲ್ಲವೇ ಎಂಬ ತೀರ್ಮಾನಕ್ಕೆ, ಎಂದರೆ ಖಾಲಿ ಹೊಟ್ಟೆಯ 126ರ ಗಡಿಗೆ, ಮನೆಯ ಮೀಟರನ್ನು ಆಧಾರ ಮಾಡಿಕೊಳ್ಳಬಾರದು ಎಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ, 126ಕ್ಕೆ ಶೇ. 15 ಎಂದರೆ 107ರಿಂದ 145ರವರೆಗಿನ ಹರವು.

ಶಿಕ್ಷಕರ ಮರುಪರೀಕ್ಷೆ

ಒಂದು ವಾರದ ನಂತರ ಅವರು ಮೀಟರ್ ಮತ್ತು ಅದೇ ಸ್ಟ್ರಿಪ್ ಡಬ್ಬಿಯೊಂದಿಗೆ ಖಾಲಿ ಹೊಟ್ಟೆಯಲ್ಲಿ ನೇರವಾಗಿ ಮುಖ್ಯ ಲ್ಯಾಬಿಗೆ ಬಂದರು. ಸೋಪಿನಲ್ಲಿ ಕೈ ತೊಳೆಸಿ ಒಣಗಿಸಿದ ಮೇಲೆ ತೋಳಿನಿಂದ ಬೂದು ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಹತ್ತು ಬಾರಿ ತಲೆಕೆಳಗು ಮಾಡಿ ಮಂಜುಗಡ್ಡೆಯ ನೀರಿಗೆ ಇಳಿಸಿದೆವು. ಎರಡು ನಿಮಿಷದೊಳಗೆ ಇನ್ನೊಂದು ಕೈಯ ಬೆರಳನ್ನು ಚುಚ್ಚಿ ಎರಡು ಸ್ಟ್ರಿಪ್‌ಗಳಲ್ಲಿ ನೋಡಿದಾಗ 145 ಮತ್ತು 149 ಬಂದವು, ಸರಾಸರಿ 147. ಅದೇ ಮೀಟರ್, ಅದೇ ಬೆರಳು, ಅದೇ ಕ್ಷಣದಲ್ಲಿಯೂ ನಾಲ್ಕರ ಅಂತರ ಇರುವುದನ್ನು ಅವರಿಗೆ ತೋರಿಸಿದೆ. ಇಪ್ಪತ್ತು ನಿಮಿಷದೊಳಗೆ ಬೇರ್ಪಡಿಸಿದ ಪ್ಲಾಸ್ಮಾದಲ್ಲಿ ಸಕ್ಕರೆ 138 ಬಂತು. ವ್ಯತ್ಯಾಸ 9, ಶೇಕಡಾವಾರು 6.5. ಹಿಮೋಗ್ಲೋಬಿನ್ 13.2 ಇದ್ದುದರಿಂದ ಆ ಕಡೆಯ ಅನುಮಾನಕ್ಕೂ ಎಡೆಯಿರಲಿಲ್ಲ. "ಮೇಷ್ಟ್ರೇ, ಮೀಟರ್ ಚೆನ್ನಾಗಿದೆ, ಹಿಂದಿನ 112ನ್ನು ಡಾಕ್ಟರ ಹತ್ತಿರ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಿ" ಎಂದು ತಿಳಿಸಿ, ಎರಡು ವರದಿಗಳ ಮೇಲೂ ಮಾದರಿಯ ವಿಧ, ಸಂಗ್ರಹದ ಸಮಯ, ಬೇರ್ಪಡಿಸಿದ ಸಮಯಗಳನ್ನು ಬರೆದುಕೊಟ್ಟೆ. ಅವರ ಊರಿನ ಸಂಗ್ರಹ ಕೇಂದ್ರದಲ್ಲಿ ಇನ್ನು ಮುಂದೆ ಬೂದು ಮುಚ್ಚಳದ ಟ್ಯೂಬನ್ನೇ ಕೇಳಿ ಪಡೆಯುವಂತೆಯೂ ತಿಳಿಸಿದೆ. ರೋಗಿ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ವ್ಯತ್ಯಾಸ ಶೇ. 20ಕ್ಕಿಂತ ಕೆಳಗೆ ಇಳಿಯದಿದ್ದರೆ ಮೊದಲು ಬೇರೆ ಲಾಟ್ ಸಂಖ್ಯೆಯ ಹೊಸ ಸ್ಟ್ರಿಪ್ ಡಬ್ಬಿಯಿಂದ ಹೋಲಿಸಿ ನೋಡಬೇಕು, ಏಕೆಂದರೆ ದೋಷ ಮೀಟರಿಗಿಂತ ಸ್ಟ್ರಿಪ್‌ನಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಆಗಲೂ ಸರಿಹೋಗದಿದ್ದರೆ ಮೀಟರಿನ ಕ್ರಮಸಂಖ್ಯೆ, ಸ್ಟ್ರಿಪ್‌ನ ಲಾಟ್ ಸಂಖ್ಯೆ, ಎರಡೂ ಹೋಲಿಕೆಗಳ ಅಂಕಿ ಮತ್ತು ಸಮಯಗಳೊಂದಿಗೆ ತಯಾರಕರಿಗೆ ದೂರು ಕೊಡಬೇಕು. ವೈದ್ಯಕೀಯ ಉಪಕರಣಗಳ ದೋಷಗಳನ್ನು ದಾಖಲಿಸಲು ನಮ್ಮಲ್ಲಿ 2015ರಿಂದ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದ್ದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದರ ಕೇಂದ್ರವಾಗಿದೆ; ಅದೇ ವಿವರಗಳನ್ನು ಅಲ್ಲಿಗೂ ಕಳುಹಿಸಬಹುದು. ಬಳಸಿ ಉಳಿದ ಸ್ಟ್ರಿಪ್‌ಗಳನ್ನು ಡಬ್ಬಿಯ ಸಮೇತ ಎಸೆಯದೆ ಇಟ್ಟುಕೊಂಡಿರಬೇಕು, ಏಕೆಂದರೆ ತಯಾರಕರು ಪರೀಕ್ಷೆಗೆಂದು ಮೊದಲು ಕೇಳುವುದು ಅವನ್ನೇ.